ಚಾರ್ಜಿಂಗ್‌ನಲ್ಲಿ 108 ಸೆಕೆಂಡ್, ಡಿಸ್‌ಚಾರ್ಜಿಂಗ್‌ನಲ್ಲಿ 91: ನನ್ನ ಅನುಭವ

ಹಾಸನದ ನಮ್ಮ ಪಿಯು ಕಾಲೇಜಿನ ಲ್ಯಾಬ್‌ನಲ್ಲಿ ಕೆಪಾಸಿಟರ್ ಚಾರ್ಜ್, ಡಿಸ್‌ಚಾರ್ಜ್ ಆಗುವುದನ್ನು ಅಳೆದು ಮಕ್ಕಳು ತಂದು ತೋರಿಸಿದ ಗ್ರಾಫಿನ ಕತೆ ಇದು. 9 ವೋಲ್ಟ್ ಸಪ್ಲೈ, 1 ಮೆಗಾಓಮ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಕೆಪಾಸಿಟರ್. ರೆಸಿಸ್ಟರ್, ಕೆಪಾಸಿಟರ್ ಬೆಲೆಗಳನ್ನು ಗುಣಿಸಿದರೆ ಕಾಲ ಸ್ಥಿರಾಂಕ, ಅಂದರೆ ಶೇ. 63 ಚಾರ್ಜ್ ಆಗಲು ಹಿಡಿಯುವ ಸಮಯ, 100 ಸೆಕೆಂಡ್ ಬರಬೇಕು. 9 ವೋಲ್ಟ್‌ನ ಶೇ. 63, ಅಂದರೆ 5.7 ವೋಲ್ಟ್ ಮುಟ್ಟಲು 108 ಸೆಕೆಂಡ್ ಹಿಡಿದಿತ್ತು. ಡಿಸ್‌ಚಾರ್ಜ್ ಆಗುವಾಗ ಶೇ. 37ಕ್ಕೆ ಇಳಿಯಲು ಬರೀ 91. ಕೆಪಾಸಿಟರ್ ಬದಲಿಸಿದರೂ ಹೆಚ್ಚುಕಮ್ಮಿ ಇದೇ ಅಂತರ.

ಸುಳಿವು ಸಿಕ್ಕಿದ್ದು ಗ್ರಾಫಿನ ಬಲತುದಿಯಲ್ಲಿ. ರೇಖೆ 9ರ ಹತ್ತಿರ ಹೋಗದೆ 8.2 ವೋಲ್ಟ್‌ನಲ್ಲೇ ಚಪ್ಪಟೆಯಾಗಿತ್ತು. ಕೆಪಾಸಿಟರ್‌ಗೆ ಅಡ್ಡಲಾಗಿ ಹಾಕಿದ್ದ ಡಿಜಿಟಲ್ ಮೀಟರಿನ ಒಳರೋಧ 10 ಮೆಗಾಓಮ್. ಒಂದಷ್ಟು ಕರೆಂಟ್ ಅದರ ಮೂಲಕವೇ ಸೋರುತ್ತದೆ. ಹಾಗಾಗಿ ಕೊನೆಯ ವೋಲ್ಟೇಜ್ 9ರ ಹನ್ನೊಂದರಲ್ಲಿ ಹತ್ತು ಭಾಗ. ಕೆಪಾಸಿಟರ್ ಕಾಣುವ ರೋಧವೂ 1 ಮತ್ತು 10 ಮೆಗಾಓಮ್ ಸಮಾಂತರ, ಅಂದರೆ 0.91 ಮೆಗಾಓಮ್. ಶೇ. 63 ಲೆಕ್ಕವನ್ನು 8.2ರ ಮೇಲೆ ಹಾಕಿ 5.2 ವೋಲ್ಟ್‌ನಲ್ಲಿ ಓದಿಸಿದೆ: 91 ಸೆಕೆಂಡ್! ಎರಡೂ ಕೂಡಿಬಂದವು.

ಆಮೇಲೆ ರೆಸಿಸ್ಟರ್ 100 ಕಿಲೋಓಮ್, ಕೆಪಾಸಿಟರ್ 1000 ಮೈಕ್ರೋಫ್ಯಾರಡ್ ಮಾಡಿಸಿದೆ. ಗುಣಲಬ್ಧ ಅದೇ ಇರುವುದರಿಂದ ಸ್ಟಾಪ್‌ವಾಚ್ ಹಿಡಿದು ಓದಲು ಸಮಯ ಸಿಗುತ್ತದೆ, ರೆಸಿಸ್ಟರ್ ಚಿಕ್ಕದಾದ್ದರಿಂದ ಮೀಟರಿನ ಪ್ರಭಾವ ಶೇ. 1ಕ್ಕೆ ಇಳಿಯುತ್ತದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೇಲೆ ಬರೆದ ಬೆಲೆ ಶೇ. 20ರಷ್ಟು ಆಚೀಚೆ ಇರಬಹುದು. ಅದಕ್ಕೇ ಉತ್ತರ 100ಕ್ಕೆ ಸರಿಹೊಂದಿತೇ ಎಂದು ನೋಡುವ ಮೊದಲು ಎರಡೂ ರೇಖೆಗಳು ಒಂದೇ ಕಾಲ ಕೊಡುತ್ತವೆಯೇ, ರೇಖೆ ಎಷ್ಟಕ್ಕೆ ಚಪ್ಪಟೆಯಾಗಿದೆ ಎಂದು ನೋಡಿಸುತ್ತೇನೆ.