ಎಡಗಡೆ ಕಿಬ್ಬೊಟ್ಟೆ ನೋವು: ಗರ್ಭಕೋಶದ್ದೋ, ಕರುಳಿನದ್ದೋ ಗುರುತಿಸುವುದು ಹೇಗೆ?

ಕಾಫಿ ಕೊಯ್ಲಿನ ಸಮಯ. ಆಲ್ದೂರು ಕಡೆಯಿಂದ 36 ವರ್ಷದ ಹೆಣ್ಣುಮಗಳೊಬ್ಬರು ಚಿಕ್ಕಮಗಳೂರಿನ ನಮ್ಮ ಕ್ಲಿನಿಕ್ಕಿಗೆ ಬಂದಿದ್ದರು. ಮೂರು ತಿಂಗಳಿಂದ ಎಡಗಡೆ ಕಿಬ್ಬೊಟ್ಟೆ ಎಳೆದಂತೆ ನೋವು. ಸಂಜೆಯಾದರೆ ಹೊಟ್ಟೆ ಉಬ್ಬಿ ಲಂಗದ ಲಾಡಿ ಬಿಗಿಯಾಗುತ್ತಿತ್ತು. ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟ್ ಇತ್ತು: ಎಡ ಅಂಡಾಶಯದಲ್ಲಿ 2.5 ಸೆಂ.ಮೀ. ನೀರುಗುಳ್ಳೆ. ‘ಗರ್ಭಕೋಶ ತೆಗೆಸಬೇಕಾಗುತ್ತೆ’ ಎಂದು ನೆಂಟರೊಬ್ಬರು ಹೇಳಿದ್ದರಂತೆ. ಹದಿನೈದು ದಿನದಿಂದ ನಿದ್ದೆ ಇರಲಿಲ್ಲ.

‘ಮೋಷನ್‌ಗೆ ದಿನಾ ಹೋಗ್ತೀರಾ ಅಮ್ಮಾ?’ ಎಂದು ಕೇಳಿದೆ.

‘ಮೂರು ದಿನಕ್ಕೊಂದ್ಸಲ ಮೇಡಂ. ಅದೇನ್ ಹೊಸದಲ್ಲ ಬಿಡಿ.’

ನನಗೆ ಬೇಕಿದ್ದ ಸುಳಿವು ಆ ಮಾತಿನಲ್ಲೇ ಇತ್ತು. ದೊಡ್ಡ ಕರುಳು ಮಲದ್ವಾರದ ಕಡೆ ಇಳಿಯುವ ಮೊದಲು ಎಡಗಡೆ ಕಿಬ್ಬೊಟ್ಟೆಯಲ್ಲಿ ಒಂದು ತಿರುವು ತೆಗೆದುಕೊಳ್ಳುತ್ತದೆ. ಎಡ ಅಂಡಾಶಯ ಇರುವುದು ಅದರ ಪಕ್ಕದಲ್ಲೇ. ಗರ್ಭಕೋಶದ ಬೆನ್ನಿಗೆ ಅಂಟಿಕೊಂಡಂತೆ ಕರುಳಿನ ಕೊನೆಯ ಭಾಗ ಇರುತ್ತದೆ. ಈ ಎಲ್ಲದರ ನೋವನ್ನು ಹೊತ್ತೊಯ್ಯುವ ನರಗಳು ಬೆನ್ನುಹುರಿಗೆ ಸೇರುವುದೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಹಾಗಾಗಿ ಗಟ್ಟಿ ಮಲ ನಿಂತು ಅದರ ಹಿಂದೆ ಗ್ಯಾಸ್ ಸಿಕ್ಕಿಕೊಂಡರೆ, ಮೆದುಳಿಗೆ ಅದು ಕರುಳೋ ಅಂಡಾಶಯವೋ ಗೊತ್ತಾಗುವುದಿಲ್ಲ.

ಹಾಗಾದರೆ ನೀರುಗುಳ್ಳೆ? ಮುಟ್ಟಾಗುವ ವಯಸ್ಸಿನಲ್ಲಿ ಪ್ರತಿ ತಿಂಗಳೂ ಅಂಡಾಶಯದಲ್ಲಿ ಅಂಡ ಬೆಳೆಯುವ ಒಂದು ಗುಳ್ಳೆ ಸುಮಾರು 2 ಸೆಂ.ಮೀ. ದಾಟುವುದು ಸಹಜ. ಬರೀ ನೀರಿನ ಸಣ್ಣ ಗುಳ್ಳೆ ಸಾಮಾನ್ಯವಾಗಿ ನೋಯುವುದಿಲ್ಲ, ಕೆಲವು ತಿಂಗಳಲ್ಲಿ ತಾನೇ ಹೋಗುತ್ತದೆ. ಆದರೆ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಗುಳ್ಳೆಯ ಹೆಸರು ಇರುತ್ತದೆ, ಮಲಬದ್ಧತೆಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಕಾಗದದಲ್ಲಿ ಬರೆದದ್ದರ ಮೇಲೇ ಎಲ್ಲರೂ ತಪ್ಪು ಹೊರಿಸುತ್ತಾರೆ.

ಮೊದಲು: ಇವು ಇದ್ದರೆ ಕಾಯಬೇಡಿ

ಮುಟ್ಟು ತಪ್ಪಿದ್ದರೆ ಮೊದಲು ಗರ್ಭದ ಪರೀಕ್ಷೆ ಮಾಡಿಕೊಳ್ಳಿ. ಗರ್ಭ ನಳಿಕೆಯಲ್ಲಿ ನಿಂತಿದ್ದರೂ ಹೀಗೇ ಒಂದು ಪಕ್ಕ ನೋಯುತ್ತದೆ, ಅದು ಜೀವಕ್ಕೆ ಅಪಾಯ. ಒಮ್ಮೆಲೇ ಬಂದ ತಡೆಯಲಾರದ ನೋವು ಮತ್ತು ವಾಂತಿ, ಜ್ವರ, ತಲೆಸುತ್ತು, ವಾಸನೆಯ ಬಿಳಿಸೆರಗು, ಮುಟ್ಟಿಲ್ಲದಾಗ ರಕ್ತ, ಮಲದಲ್ಲಿ ರಕ್ತ ಇದ್ದರೆ ಮನೆಮದ್ದು ಬೇಡ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗ್ಯಾಸ್ ಕೂಡ ಹೋಗದಿದ್ದರೆ ಆ ಹೊತ್ತೇ ಆಸ್ಪತ್ರೆಗೆ ಹೋಗಿ. 50 ದಾಟಿದವರಿಗೆ ಹೊಸದಾಗಿ ಹೊಟ್ಟೆ ಉಬ್ಬರ ಶುರುವಾಗಿ ಕೆಲವು ವಾರ ಕಳೆದರೂ ಇಳಿಯದಿದ್ದರೆ ಅದನ್ನು ಗ್ಯಾಸ್ ಎಂದು ಬಿಡಬೇಡಿ. ಅಂಡಾಶಯದ ಕ್ಯಾನ್ಸರ್ ಹೀಗೂ ತೋರಿಸಿಕೊಳ್ಳುತ್ತದೆ.

ಆಮೇಲೆ: ಒಂದು ತಿಂಗಳು ಬರೆದಿಡಿ

ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ದಿನಕ್ಕೊಂದು ಸಾಲು. ನೋವು ಎಷ್ಟು ಹೊತ್ತಿಗೆ ಬಂತು, ಎಲ್ಲಿ ಬಂತು, ಮೋಷನ್ ಆಯಿತಾ, ಅದು ಆಡಿನ ಹಿಕ್ಕೆಯ ಹಾಗೆ ಇತ್ತಾ ಇಲ್ಲಾ ಮೆತ್ತಗಿತ್ತಾ, ಆದ ಮೇಲೆ ನೋವು ಇಳಿಯಿತಾ, ಮುಟ್ಟಿನ ಎಷ್ಟನೇ ದಿನ. ಇಷ್ಟೇ. ಒಂದು ಮುಟ್ಟಿನಿಂದ ಇನ್ನೊಂದು ಮುಟ್ಟಿನವರೆಗೆ ಬರೆದರೆ ಚಿತ್ರ ತಾನೇ ಕಾಣುತ್ತದೆ.

ಕರುಳಿನ ನೋವು ಜಾಗ ಬದಲಿಸುತ್ತದೆ. ಬೆಳಿಗ್ಗೆ ಕಡಿಮೆ, ಸಂಜೆಗೆ ಜಾಸ್ತಿ. ಗ್ಯಾಸ್ ಹೋದರೆ, ಮೋಷನ್ ಆದರೆ ಹಗುರ. ಮುಟ್ಟಿಗೆ ಒಂದು ವಾರ ಮೊದಲು ಹಾರ್ಮೋನಿನ ಏರಿಳಿತದಿಂದ ಕರುಳು ಮಂದವಾಗಿ, ಮುಟ್ಟು ಶುರುವಾದ ಮೇಲೆ ಸಡಿಲವಾಗುವುದುಂಟು. ಈ ಲೆಕ್ಕವೇ ಅನೇಕರನ್ನು ಗರ್ಭಕೋಶದ ತೊಂದರೆ ಎಂದು ನಂಬಿಸುವುದು. ಇದಕ್ಕೆ ತದ್ವಿರುದ್ಧವಾದ ತಪ್ಪೂ ಆಗುತ್ತದೆ. ಮುಟ್ಟಿನ ದಿನಗಳಲ್ಲಿ ಮಾತ್ರ ಮೋಷನ್‌ಗೆ ಹೋಗುವಾಗ ಜೋರು ನೋವು, ಗಂಡ ಹೆಂಡತಿ ಸೇರುವಾಗ ಒಳಗೆ ನೋವು ಎಂದಿದ್ದರೆ ಅದನ್ನು ಮಲಬದ್ಧತೆ ಎಂದು ತಳ್ಳಿಹಾಕಬೇಡಿ. ಗರ್ಭಕೋಶದ ಒಳಪದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಹೀಗೆ ಕಾಡುತ್ತದೆ. ಆ ಪುಟವನ್ನು ಲೇಡಿ ಡಾಕ್ಟರಿಗೆ ತೋರಿಸಿ.

ಕರುಳಿನದ್ದು ಅನಿಸಿದರೆ

ನಮ್ಮ ಆಲ್ದೂರಿನವರ ದಿನ ಹೀಗಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಕಾಫಿ, ಅಕ್ಕಿ ರೊಟ್ಟಿ ಸುಟ್ಟು ಡಬ್ಬಿ ಕಟ್ಟಿ, ಏಳೂವರೆಗೆ ತೋಟ. ತೋಟದಲ್ಲಿ ಹೆಂಗಸರಿಗೆ ಮರೆಯ ಜಾಗವಿಲ್ಲ. ಅದಕ್ಕೇ ಸಂಜೆವರೆಗೆ ನೀರೇ ಕುಡಿಯುತ್ತಿರಲಿಲ್ಲ, ಒತ್ತಡ ಬಂದರೂ ತಡೆದುಕೊಳ್ಳುತ್ತಿದ್ದರು. ತಡೆದ ಮಲದಿಂದ ಕರುಳು ನೀರು ಹೀರುತ್ತಾ ಹೋಗುತ್ತದೆ, ಅದು ಇನ್ನೂ ಗಟ್ಟಿಯಾಗುತ್ತದೆ. ಇದು ಅವರ ತಪ್ಪಲ್ಲ ಎಂದು ಅವರಿಗೆ ಗಟ್ಟಿಯಾಗಿ ಹೇಳಿದೆ. ಸಾಲದ್ದಕ್ಕೆ ರಕ್ತ ಕಡಿಮೆ ಎಂದು ಕಬ್ಬಿಣಾಂಶದ ಮಾತ್ರೆ. ಅದೂ ಮಲ ಗಟ್ಟಿ ಮಾಡುತ್ತದೆ. ಮೇಲಿಂದ ಅವರೆಕಾಯಿ ಕಾಲ, ದಿನಾ ಹಿತಕಿದ ಬೇಳೆ ಸಾರು. ಅವರೆಯ ಕೆಲವು ಸಕ್ಕರೆ ಅಂಶ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು, ಅಲ್ಲಿ ಹುಳಿತು ಗ್ಯಾಸ್ ಆಗುತ್ತದೆ. ದಾರಿ ಕಟ್ಟಿದಾಗ ಆ ಗ್ಯಾಸ್ ಎಲ್ಲಿಗೆ ಹೋಗಬೇಕು?

ಮೊದಲು ಹೊತ್ತು ಬದಲಿಸಿದೆವು. ಕಾಫಿ ಕುಡಿದಾಗ, ತಿಂಡಿ ತಿಂದಾಗ ದೊಡ್ಡ ಕರುಳು ತಾನೇ ಅಲುಗಾಡುತ್ತದೆ. ಕಾಫಿ, ಒಂದು ತುಂಡು ರೊಟ್ಟಿ ಆದ 20 ನಿಮಿಷಕ್ಕೆ ಕಕ್ಕಸಿಗೆ ಹೋಗಿ 10 ನಿಮಿಷ ಕೂರಲು ಹೇಳಿದೆ. ಬಂದರೂ ಸರಿ, ಬಾರದಿದ್ದರೂ ಸರಿ, ಮುಕ್ಕಬಾರದು. ಕುಕ್ಕರಗಾಲಲ್ಲಿ ಕೂರುವ ಕಕ್ಕಸು ಒಳ್ಳೆಯದು. ಕಮೋಡ್ ಇದ್ದವರು ಕಾಲಡಿ ಒಂದು ಗಿಡ್ಡ ಮಣೆ ಇಟ್ಟು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಕೂರಬೇಕು.

ಊಟದಲ್ಲಿ ಸೊಪ್ಪಿನ ಬಸ್ಸಾರು, ರಾತ್ರಿ ಒಂದು ರಾಗಿ ಮುದ್ದೆ, ಪರಂಗಿ ಹಣ್ಣು ಸೇರಿಸಿದರು. ಅವರೆ ಎರಡು ವಾರ ಕಡಿಮೆ ಮಾಡಿದರು. ರಾತ್ರಿ ಒಂದು ಟೀ ಚಮಚ ಇಸಬ್‌ಗೋಲ್ ಅನ್ನು ದೊಡ್ಡ ಲೋಟ ನೀರಿನಲ್ಲಿ ಕಲಸಿ, ಗಟ್ಟಿಯಾಗುವ ಮೊದಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು. ಒಂದು ವಾರದ ನಂತರ ಎರಡು ಚಮಚ.

ಇಲ್ಲಿ ಜನ ಎಡವುವುದು ಎರಡು ಕಡೆ. ಮೊದಲ ನಾಲ್ಕೈದು ದಿನ ಸೊಪ್ಪು, ರಾಗಿ, ಇಸಬ್‌ಗೋಲ್‌ನಲ್ಲಿರುವ ನಾರು ಗ್ಯಾಸ್ ಹೆಚ್ಚಿಸುತ್ತದೆ, ಅಷ್ಟಕ್ಕೇ ‘ನನಗೆ ಆಗಿಬರಲ್ಲ’ ಎಂದು ಬಿಟ್ಟುಬಿಡುತ್ತಾರೆ. ಇನ್ನೊಂದು, ನೀರು ಕುಡಿಯದೆ ಇಸಬ್‌ಗೋಲ್ ತಗೊಳ್ಳುವುದು. ಅದು ಇರುವ ಕಟ್ಟನ್ನು ಇನ್ನಷ್ಟು ಬಿಗಿ ಮಾಡುತ್ತದೆ. ವಾರದಿಂದ ಮೋಷನ್ ಆಗದೆ, ನಡುನಡುವೆ ನೀರಿನಂತೆ ಸ್ವಲ್ಪ ಸೋರುತ್ತಿದ್ದರೆ ಅದು ಭೇದಿಯಲ್ಲದೆ ಗಟ್ಟಿ ಮಲದ ಪಕ್ಕದಿಂದ ಜಾರಿದ್ದೂ ಇರಬಹುದು. ಆಗ ಇಸಬ್‌ಗೋಲ್ ಬೇಡ. ಡಾಕ್ಟರು ಮೊದಲು ಕಟ್ಟಿದ್ದನ್ನು ತೆರವು ಮಾಡಬೇಕು. ಕಬ್ಬಿಣಾಂಶದ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ. ದಿನ ಬಿಟ್ಟು ದಿನ ತಗೊಳ್ಳಬಹುದಾ ಎಂದು ಬರೆದುಕೊಟ್ಟವರನ್ನೇ ಕೇಳಿ. ಮೂರ್ನಾಲ್ಕು ವಾರ ಸರಿಯಾಗಿ ಮಾಡಿಯೂ ನೋವು ಹಾಗೇ ಇದ್ದರೆ ಮತ್ತೆ ತೋರಿಸಲೇಬೇಕು.

ಆಲ್ದೂರಿನವರ ನೋಟ್‌ಬುಕ್ಕಿನಲ್ಲಿ ಮೊದಲ ವಾರ ‘ಹಿಕ್ಕೆ, ನೋವು’ ಎಂದೇ ಇತ್ತು. ಹನ್ನೊಂದನೇ ದಿನ ‘ಮೆತ್ತಗೆ, ಸಂಜೆ ನೋವಿಲ್ಲ’ ಎಂದು ಬರೆದಿದ್ದರು. ತೋಟದ ರೈಟರ ಹತ್ತಿರ ಹೆಂಗಸರೆಲ್ಲ ಸೇರಿ ಮಾತಾಡಿ, ಲೈನ್ ಮನೆಯ ಕಕ್ಕಸಿನ ಬೀಗದ ಕೀಲಿ ಪಡೆದರು. ಅಂದಿನಿಂದ ಒಂದು ಲೀಟರ್ ಬಾಟಲಿ ಅವರ ಜೊತೆ ತೋಟಕ್ಕೆ ಹೋಗುತ್ತಿದೆ. ಮೂರು ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಮಾಡಿಸಿದೆ. ನೀರುಗುಳ್ಳೆ ಇರಲಿಲ್ಲ.