ಸಿಟ್ಟಿನಲ್ಲಿ ಬರೆದ ದೂರನ್ನು ತಿದ್ದುವುದು ಹೇಗೆ?

ದೊಡ್ಡ ಮ್ಯಾನೇಜರ್‌ಗೆ ದೂರಿನ ಮೇಲ್ ಬರೆಯುವಾಗ To ಜಾಗ ಖಾಲಿ ಬಿಟ್ಟು, ಮೊದಲು ಸಿಟ್ಟೆಲ್ಲ ಬರೆದುಬಿಡಿ. ಆಮೇಲೆ ಆರೋಪದ ಸಾಲುಗಳನ್ನು ಹುಡುಕಿ, ಅಲ್ಲಿ ತಾರೀಖು, ಮೊತ್ತ ಹಾಕಿ.

‘ಅಕೌಂಟ್ಸ್‌ನವರು ಬೇಕಂತಲೇ ನನ್ನ ದುಡ್ಡು ತಡೆದಿದ್ದಾರೆ, ಯಾರಿಗೂ ಕಾಳಜಿಯೇ ಇಲ್ಲ’ ಅಂತಿದ್ದರೆ ಹೀಗೆ ತಿದ್ದಿ:

‘ಮೈಸೂರು ಪ್ರಯಾಣದ ₹8,400 ಬಿಲ್ಲನ್ನು ಜೂನ್ 3ರಂದು ಅಕೌಂಟ್ಸ್‌ಗೆ ಕೊಟ್ಟಿದ್ದೇನೆ. ಜೂನ್ 17 ಮತ್ತು 28ರಂದು ಮೇಲ್ ಮಾಡಿ ನೆನಪಿಸಿದರೂ ಉತ್ತರ ಬಂದಿಲ್ಲ. ಆ ಮೇಲ್‌ಗಳನ್ನು ಲಗತ್ತಿಸಿದ್ದೇನೆ. ಜುಲೈ 10ರೊಳಗೆ ಹಣ ಪಾವತಿಸುವಂತೆ, ಇಲ್ಲವೇ ತಡವಾಗಿರುವ ಕಾರಣ ತಿಳಿಸುವಂತೆ ಅವರಿಗೆ ಸೂಚಿಸಬೇಕೆಂದು ಕೋರುತ್ತೇನೆ.’

ಬೇಕಂತಲೇ ಮಾಡಿದರು ಅನ್ನೋದನ್ನು ಸಾಬೀತು ಮಾಡೋಕೆ ಆಗಲ್ಲ, ಅಲ್ವಾ? ಹಾಗೆ ಬರೆದರೆ ಬಿಲ್ಲಿನ ವಿಷಯ ಬಿಟ್ಟು ನಿಮ್ಮ ಮಾತಿನ ಧಾಟಿ ಬಗ್ಗೆಯೇ ಚರ್ಚೆ ಶುರುವಾಗುತ್ತೆ. ಹಾಗಂತ ‘ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ’ ಅಂತ ಸುಮ್ನೆ ಸೇರಿಸಬೇಡಿ. ಕೇಳುತ್ತಿರುವುದು ನಿಮ್ಮದೇ ದುಡ್ಡು.