ಬೆನ್ನುಡಿಯಲ್ಲಿ ಇಡೀ ಕಥೆ ಇತ್ತು, ಅದನ್ನ ಹೆಂಗೆ ತಿದ್ದಿದೆ (ನನ್ನ ಅನುಭವ)

ನಾನು ದಾವಣಗೆರೇಲಿ ಡಿಟಿಪಿ ಮಾಡ್ತಾ ಮಾಡ್ತಾ ಪುಸ್ತಕ ಎಡಿಟಿಂಗ್‌ಗೆ ಬಂದವನು. ಹೋದ ವರ್ಷ ಒಬ್ಬ ರಿಟೈರ್ಡ್ ಮೇಷ್ಟ್ರು ಅವರ ಮೊದಲ ಕಾದಂಬರಿ ತಂದುಕೊಟ್ರು, ನಮ್ಮೂರಿನ ಕಾಟನ್ ಮಿಲ್ ಕಾಲದ್ದು, 212 ಪುಟ, ಕೆಳಗಿಡೋಕೆ ಮನಸ್ಸಾಗದ ಹಂಗೆ ಬರೆದಿದ್ರು. ಬೆನ್ನುಡಿನೂ ಅವರೇ ಬರೆದಿದ್ರು, 190 ಪದ, ಅದರಲ್ಲಿ ಕಥೆ ಪೂರ್ತಿ ಮುಗಿದೇ ಹೋಗಿತ್ತು.

ಹಿಂಗಿತ್ತು ಅದು. ಅಪ್ಪ ತೀರ್ಕೊಂಡ ಮೇಲೆ ಗಿರಿಜಾ ಮನೆ ಮಾರೋಕೆ ಊರಿಗೆ ಬಂದು, ಅಟ್ಟದ ಟ್ರಂಕಲ್ಲಿ ಯೂನಿಯನ್ ಲೆಕ್ಕದ ಪುಸ್ತಕ ಸಿಕ್ಕಿ, ಸ್ಟ್ರೈಕ್ ಟೈಮಲ್ಲಿ ಚಂದಾ ದುಡ್ಡು ನುಂಗಿದ ಅಂತ ಅಪ್ಪನ ಮೇಲೆ ಬಂದಿದ್ದ ಅಪವಾದ ಸುಳ್ಳು ಅಂತ ತಿಳಿದು, ತಗೊಂಡಿದ್ದು ತನ್ನನ್ನ ಸಾಕಿದ ಚಿಕ್ಕಪ್ಪ ಅಂತ ಗೊತ್ತಾಗಿ, ಕೊನೆಗೆ ಮನೇನ ಅವನಿಗೇ ಬಿಟ್ಟು ಹೋಗ್ತಾಳೆ. ನೋಡಿ, ನಮ್ಮ ಭಾಷೇಲಿ ಈ ಬಂದು, ಸಿಕ್ಕಿ, ತಿಳಿದು ಅಂತ ಪೋಣಿಸ್ತಾ ಹೋದ್ರೆ ಒಂದೇ ವಾಕ್ಯದಲ್ಲಿ 200 ಪುಟ ದಾಟಿಬಿಡಬಹುದು, ಬರೆಯೋರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತೇ ಆಗಲ್ಲ.

ನಾನು ಮೊದಲು ಮಾಡಿದ್ದು ಪೆನ್ಸಿಲ್ ತಗೊಂಡು ಆ ಒಂದೊಂದು ಘಟನೆ ಕಾದಂಬರೀಲಿ ಯಾವ ಪುಟದಲ್ಲಿ ಬರುತ್ತೆ ಅಂತ ಪಕ್ಕದಲ್ಲಿ ಬರೆದೆ. ಟ್ರಂಕ್ 38, ಅಪವಾದ ಸುಳ್ಳು ಅಂತ ತಿಳಿಯೋದು 121, ಚಿಕ್ಕಪ್ಪ 167, ಮನೆ ಬಿಡೋದು 209. ಮೊದಲ ಕಾಲುಭಾಗ ಅಂದ್ರೆ ಸುಮಾರು 53ನೇ ಪುಟ, ಅದರಾಚೆ ಇರೋದನ್ನೆಲ್ಲಾ ಹೊಡೆದುಹಾಕಿದೆ. ಎಲ್ಲಾ ಪುಸ್ತಕಕ್ಕೂ ಕಾಲುಭಾಗಾನೇ ಸರಿ ಅಂತಲ್ಲ, ಆದ್ರೆ ಪಾತ್ರ ಇನ್ನು ವಾಪಸ್ ಹೋಗೋಕಾಗಲ್ಲ ಅನ್ನೋ ಜಾಗ ಸಾಮಾನ್ಯವಾಗಿ ಅಲ್ಲೇ ಎಲ್ಲೋ ಇರುತ್ತೆ.

ಕಡಿದ ಮೇಲೆ ಉಳಿದಿದ್ದು ತೀರಾ ಸಪ್ಪೆ, ಅದಕ್ಕೆ "ಕಾಲದ ಸುಳಿಯಲ್ಲಿ ಸಿಲುಕಿದ ಸಂಬಂಧಗಳ ಕಥನ, ಗಿರಿಜಾಳಿಗೆ ಸತ್ಯ ಸಿಗುವುದೇ?" ಅಂತ ಸೇರಿಸಿದೆ. ಮಾರನೇ ದಿನ ಓದಿದಾಗ ಬೇಜಾರಾಯ್ತು, ಯಾಕಂದ್ರೆ ಆ ಸಾಲನ್ನ ಯಾವ ಕಾದಂಬರಿ ಬೆನ್ನಿಗೆ ಅಂಟಿಸಿದ್ರೂ ಅಂಟ್ಕೊಳ್ಳುತ್ತೆ. ಕಥೆ ಮುಚ್ಚಿಡೋಕೆ ಹೋಗಿ ಪುಸ್ತಕಾನೇ ಮುಚ್ಚಿಟ್ಟಂಗಾಗಿತ್ತು. ಹಂಗಾಗಿ ಮತ್ತೆ ಆ 53 ಪುಟ ಓದಿದೆ, ಈ ಪುಸ್ತಕಕ್ಕೆ ಮಾತ್ರ ಸೇರಿದ ಒಂದು ವಸ್ತು ಬೇಕಿತ್ತು, 41ನೇ ಪುಟದಲ್ಲಿ ಸಿಕ್ತು: ಲೆಕ್ಕದ ಪುಸ್ತಕದ ಕೊನೇ ಹನ್ನೊಂದು ದಿನದ ಅಕ್ಷರ ಅಪ್ಪಂದಲ್ಲ.

ಎರಡನೇ ಸಲ ಬರೆದಾಗ "ಚಿಕ್ಕಪ್ಪನ ನೆರಳಲ್ಲಿ ಬೆಳೆದ ಗಿರಿಜಾ" ಅಂತ ಶುರು ಮಾಡಿದ್ದೆ. ಪಕ್ಕದ ಜೆರಾಕ್ಸ್ ಅಂಗಡಿ ಹುಡುಗಿ, ಕಾದಂಬರಿ ಓದೇ ಇಲ್ಲ, ಅವಳಿಗೆ ಕೊಟ್ಟು ಏನನ್ಸುತ್ತೆ ಅಂದೆ. "ಚಿಕ್ಕಪ್ಪನೇ ಅಲ್ವಾ ಅಣ್ಣಾ ತಗೊಂಡಿದ್ದು?" ಅಂದಳು. ಬೆನ್ನುಡೀಲಿ ಮೂರೇ ಜನ ಇದ್ದು ಅದರಲ್ಲಿ ಒಬ್ಬರು ಸತ್ತಿದ್ರೆ ಓದುಗರಿಗೆ ಲೆಕ್ಕ ಸಲೀಸು. ಚಿಕ್ಕಪ್ಪನ್ನ ಪೂರ್ತಿ ತೆಗೆದೆ. "ಅಪ್ಪ ಮಾಡದ ಕಳ್ಳತನ" ಅಂತಾನೂ ಒಂದು ಕಡೆ ಇತ್ತು, ಆ "ಮಾಡದ" ಅನ್ನೋ ಒಂದೇ ಪದ 121ನೇ ಪುಟ ಹೇಳಿಬಿಡುತ್ತೆ, ಅದೂ ಹೋಯ್ತು. ಕೊನೆಗೆ ಉಳಿದಿದ್ದು ಇದು:

"ಅಪ್ಪನ ಮನೆ ಮಾರಿ ಎರಡೇ ದಿನದಲ್ಲಿ ಹೊರಡಬೇಕೆಂದು ಗಿರಿಜಾ ದಾವಣಗೆರೆಗೆ ಬಂದಿದ್ದಾಳೆ. ಅಟ್ಟದ ಟ್ರಂಕಿನಲ್ಲಿ ಮಿಲ್ ಸ್ಟ್ರೈಕಿನ ಕಾಲದ ಲೆಕ್ಕದ ಪುಸ್ತಕ ಸಿಗುತ್ತದೆ. ಕಾರ್ಮಿಕರ ಚಂದಾ ನುಂಗಿದ ಎಂಬ ಮಾತು ಹೊತ್ತೇ ಬದುಕಿದ ಅಪ್ಪನ ದುಂಡನೆಯ ಅಕ್ಷರ. ಕೊನೆಯ ಹನ್ನೊಂದು ದಿನಗಳದ್ದು ಮಾತ್ರ ಬೇರೆ ಯಾರದೋ. ಮನೆ ಕೊಳ್ಳುವವರು ನಾಳೆ ಬೆಳಿಗ್ಗೆ ರಿಜಿಸ್ಟರ್ ಮಾಡಿಸಲು ಬರುತ್ತಾರೆ."

ಪ್ರಶ್ನೆ ಚಿಹ್ನೆ ಇಲ್ಲ, "ಮುಂದೇನಾಯ್ತು, ಓದಿ ನೋಡಿ" ಇಲ್ಲ. ಗಡುವು ಇದೆ, ಅದು ಸಾಕು. ಬಾರ್‌ಕೋಡು, ಬೆಲೆ, ಮೇಷ್ಟ್ರ ಫೋಟೋ ಎಲ್ಲಾ ಹಾಕಿದ ಮೇಲೂ ಡೆಮಿ ಸೈಜಿನ ಹಿಂಬದೀಲಿ ಉಸಿರಾಡೋಕೆ ಜಾಗ ಉಳೀತು.

ಮೇಷ್ಟ್ರು ಓದಿ ಸ್ವಲ್ಪ ಹೊತ್ತು ಸುಮ್ನಿದ್ರು. "ಅಲ್ಲಪ್ಪಾ, ಅವಳು ಕ್ಷಮಿಸೋದೇ ನನ್ನ ಕಾದಂಬರಿ, ಅದೇ ಇಲ್ಲವಲ್ಲ" ಅಂದ್ರು. ಅವರ ಮಾತಲ್ಲಿ ನ್ಯಾಯ ಇತ್ತು, ನನ್ನ ಸಾಲುಗಳನ್ನ ಓದಿದೋರು ಪತ್ತೇದಾರಿ ಅಂದ್ಕೊಂಡು ಬಂದು ನಿರಾಶೆ ಆಗಬಹುದಿತ್ತು. ಹಂಗಂತ ಕ್ಷಮೆ ಅನ್ನೋ ಪದ ಹಾಕಿದ್ರೆ ಕೊನೆ ಗೊತ್ತಾಗುತ್ತೆ. ಇಬ್ಬರೂ ಕೂತು ಒಂದೇ ಸಾಲು ಸೇರಿಸಿದ್ವಿ: "ಆ ಅಕ್ಷರವನ್ನು ಅವಳು ಎಲ್ಲೋ ನೋಡಿದ್ದಾಳೆ." ಮನೆಯೊಳಗಿನ ಕಥೆ ಇದು ಅಂತ ಆ ಸಾಲು ಹೇಳುತ್ತೆ, ಯಾರು ಅಂತ ಹೇಳಲ್ಲ. ಜೆರಾಕ್ಸ್ ಅಂಗಡಿಯವಳಿಗೆ ಈಗಾಗಲೇ ಗೊತ್ತಿತ್ತಲ್ಲ, ಅದಕ್ಕೆ ಈ ಸಲ ಅವಳ ತಂಗಿಗೆ ಓದಿಸಿದೆ, ಆ ಅಕ್ಷರ ಅಮ್ಮನದ್ದಿರಬಹುದಾ ಅಂದಳು, ಆಮೇಲೆ ಪುಸ್ತಕ ಕೊಡಿ ಅಂದಳು.

ಪ್ರಿಂಟಿಗೆ ಕಳಿಸೋ ಮುಂಚೆ ಮುನ್ನುಡಿ ತಿರುವಿ ಹಾಕಿದೆ, ಹಿರಿಯರೊಬ್ಬರು ಪ್ರೀತಿಯಿಂದ ಬರೆದಿದ್ದು, ಎರಡನೇ ಪ್ಯಾರಾದಲ್ಲೇ ಚಿಕ್ಕಪ್ಪ ಇದ್ದ. ಅವರಿಗೆ ಫೋನ್ ಮಾಡಿ ಕೇಳಿ, ಒಂದಕ್ಷರ ಬದಲಿಸದೆ ಅದನ್ನ ಪುಸ್ತಕದ ಕೊನೆಗೆ ಹಿನ್ನುಡಿ ಅಂತ ಹಾಕಿದ್ವಿ.